ಟೀಚರಕ್ಕನ ಇಂಗ್ಲಿಷ್ ಬೋರ್ಡು

ಟೀಚರಕ್ಕ ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದರು. ಮೆಟ್ಟಿಲು ಹತ್ತುವಾಗಲೇ ಕಾಲಲ್ಲಿ ತುಳಿಯುವ ಮೆಷಿನ್‌ಗಳ ಸದ್ದು ಕೇಳುತ್ತಿತ್ತು. ಒಳಗೆ ಹೋದರೆ ಮೆಷಿನ್ ಎಣ್ಣೆಯ ವಾಸನೆ, ನೆಲದ ತುಂಬ ತುಂಡು ಬಟ್ಟೆ, ಮೂಲೆಯಲ್ಲಿ ಮಲಗಿದ ಯಾರದೋ ಮಗು. ನಾನೂ ಅಲ್ಲೇ ಕಲಿತವಳು. ನನ್ನ ನಾಲಿಗೆಯ ದೆಸೆಯಿಂದ ಅವರು ನನಗೆ ಕತ್ತರಿ ಅಂತ ಹೆಸರಿಟ್ಟರು. ಈಗ ನನ್ನ ಅಂಗಡಿಗೆ ಬರುವವರೂ ಹಾಗೇ ಕರೆಯುತ್ತಾರೆ, ನಾನೂ ಓ ಅನ್ನುತ್ತೇನೆ.

ಮೊದಲ ದಿನ ಅವರು ಬಟ್ಟೆ ಮುಟ್ಟಲು ಬಿಡುತ್ತಿರಲಿಲ್ಲ. ಹಳೇ ಪೇಪರಿನ ಮೇಲೆ ಗೆರೆ ಎಳೆದುಕೊಟ್ಟು, ದಾರವಿಲ್ಲದ ಸೂಜಿಯಲ್ಲಿ ಗೆರೆ ತಪ್ಪದಂತೆ ಮೆಷಿನ್ ಓಡಿಸಬೇಕು ಅನ್ನುತ್ತಿದ್ದರು. ನನ್ನದು ಗೆರೆ ಬಿಟ್ಟು ಹೊಲಕ್ಕೆ ನುಗ್ಗಿದ ಎಮ್ಮೆಯ ಹಾಗೆ ಹೋಗುತ್ತಿತ್ತು. ಅವರು ಬೈದವರಲ್ಲ. "ಕಾಲು ನಿಧಾನಕ್ಕೆ ಬಿಡೇ, ಮೆಷಿನ್ ಎಲ್ಲಿಗೂ ಓಡಿಹೋಗಲ್ಲ" ಅನ್ನುತ್ತಿದ್ದರು, ಅಷ್ಟೇ. ಗಂಡನಿಂದ ಏಟು ತಿಂದು ಬಂದವಳು, ಅತ್ತೆಯ ಮನೆಯಲ್ಲಿ ಉಸಿರು ಕಟ್ಟಿ ಬಂದವಳು, ಸುಮ್ಮನೆ ಹೊತ್ತು ಹೋಗಲೆಂದು ಬಂದವಳು, ಎಲ್ಲರಿಗೂ ಅದೇ ಪೇಪರು, ಅದೇ ಗೆರೆ.

ಟೀಚರಕ್ಕನ ಗಂಡ ಲಾರಿ ಓಡಿಸುತ್ತಿದ್ದ. ಮದುವೆಯಾದ ಕೆಲವೇ ವರ್ಷಕ್ಕೆ ರಸ್ತೆಯಲ್ಲೇ ಹೋದ. ಮಕ್ಕಳಾಗಿರಲಿಲ್ಲ. ತಾಯಿ ಸತ್ತ ಮೇಲೆ ಪುಟ್ಟ ತಮ್ಮನನ್ನು ಸಾಕಿದವರು ಇವರೇ. ಶಾಲೆಯ ಸಮವಸ್ತ್ರಗಳನ್ನು ಗಂಟುಗಟ್ಟಲೆ ಹೊಲಿದು ಅವನನ್ನು ಓದಿಸಿದರು. ಅವನು ದೊಡ್ಡವನಾಗಿ ಮಾರ್ಕೆಟ್ಟಿನ ಹತ್ತಿರ ಜಾಹೀರಾತು ಆಫೀಸು ತೆಗೆದ. ಫ್ಲೆಕ್ಸ್, ಕರಪತ್ರ, ಆಟೋಗೆ ಮೈಕು, ಈಚೆಗೆ ಫೋನಿನಲ್ಲಿ ಬರುವ ಜಾಹೀರಾತು, ಎಲ್ಲ ಅವನದೇ. ಊರಿನವರು ಅವನನ್ನು ಪ್ರಚಾರ ಅಂತ ಕರೆಯುತ್ತಾರೆ. ಟೀಚರಕ್ಕನಿಗೆ ಮಾತ್ರ ಅವನು ಇಂದಿಗೂ ಪುಟ್ಟ. ಅಕ್ಕನ ಮೇಲೆ ಪ್ರಾಣ ಇಟ್ಟುಕೊಂಡವನು. ಇದನ್ನು ನಾನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನನಗೆ ಅವನ ಮೇಲೆ ಸಿಟ್ಟು ಬರುವುದಿದೆ.

ಮೊದಲೆಲ್ಲ ಹೊಸ ಬ್ಯಾಚಿಗೆ ಮುಂಚೆ ಗುಲಾಬಿ ಬಣ್ಣದ ಕರಪತ್ರ ಹೊರಡುತ್ತಿತ್ತು. ಟೀಚರಕ್ಕ ಹೇಳಿದ್ದನ್ನೇ ಪ್ರೆಸ್ಸಿನವರು ಅಚ್ಚು ಹಾಕುತ್ತಿದ್ದರು: "ಹೊಲಿಗೆ ಬಾರದವರು ಬನ್ನಿ. ಮಗಳ ಫ್ರಾಕು ನೀವೇ ಹೊಲಿಯುವಿರಿ. ಮಕ್ಕಳನ್ನು ಕರೆತರಬಹುದು." ಅದನ್ನು ಪೇಪರಿನೊಳಗೆ ಇಟ್ಟು ಹಂಚಿದರೆ ಸಾಕು, ಮೆಟ್ಟಿಲಿನ ಮೇಲೆ ಚಪ್ಪಲಿ ಬಿಡಲು ಜಾಗ ಇರುತ್ತಿರಲಿಲ್ಲ. ಆಮೇಲೆ ಪೇಪರು ತರಿಸುವ ಮನೆಗಳೇ ಕಡಿಮೆಯಾದವು. ಎಲ್ಲರ ಕಣ್ಣೂ ಫೋನಿನಲ್ಲಿ ನೆಟ್ಟವು. ಕೋಣೆಯಲ್ಲಿ ಅರ್ಧ ಮೆಷಿನ್‌ಗಳು ಬಟ್ಟೆ ಹೊದ್ದು ಕೂತವು.

ಇಂಥ ಹೊತ್ತಿನಲ್ಲೇ ಕಟ್ಟಡದ ಯಜಮಾನ ಬಂದು ಬಾಗಿಲಲ್ಲಿ ನಿಂತ. ಒಳ್ಳೆಯ ಮಾತಿನಲ್ಲೇ ಹೇಳಿದ.

"ನೋಡಿ ಟೀಚರೇ, ಕೆಳಗಡೆ ಔಷಧಿ ಅಂಗಡಿಯವರು ಈ ಕೋಣೆ ಗೋಡೌನಿಗೆ ಕೊಡಿ ಅಂತ ಬೆನ್ನು ಬಿದ್ದಿದ್ದಾರೆ. ನೀವು ಹಳಬರು, ಏಕಾಏಕಿ ಎಬ್ಬಿಸೋದು ನನಗೂ ಸರಿ ಕಾಣಲ್ಲ. ಈ ಸಲದ ಬ್ಯಾಚು ತುಂಬಿದ್ರೆ ಹೊಸ ಬಾಡಿಗೆ ಕೊಟ್ಕೊಂಡು ಇರಿ. ತುಂಬದಿದ್ರೆ ಬಿಟ್ಟುಕೊಡಿ."

ಟೀಚರಕ್ಕನಿಗೆ ಆ ಕೋಣೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಊಟ, ಮಾನ, ಮಾತಾಡುವ ಜನ, ಎಲ್ಲ ಅಲ್ಲೇ. ಬ್ಯಾಚು ತುಂಬಬೇಕು, ಇಲ್ಲದಿದ್ದರೆ ಬೀದಿ. ಅವತ್ತು ಮಧ್ಯಾಹ್ನವೇ ತಮ್ಮನ ಆಫೀಸಿಗೆ ಹೊರಟರು. ಒಬ್ಬರೇ ಹೋಗಲು ಸಂಕೋಚವಾಗಿ ನನ್ನನ್ನೂ ಎಳೆದುಕೊಂಡು ಹೋದರು.

ಆಫೀಸು ಎಂದರೆ ಒಂದು ಕಂಪ್ಯೂಟರು, ಗೋಡೆಗೆ ಒರಗಿಸಿದ ಫ್ಲೆಕ್ಸ್ ಸುರುಳಿಗಳು, ಮಾತೇ ಕೇಳಿಸದಷ್ಟು ಸದ್ದು ಮಾಡುವ ಫ್ಯಾನು. ಪ್ರಚಾರ ಅಕ್ಕನನ್ನು ತನ್ನ ಕುರ್ಚಿಯಲ್ಲೇ ಕೂರಿಸಿ ತಾನು ನಿಂತ.

"ಅಕ್ಕಾ, ಪಾಂಪ್ಲೆಟ್ ಕಾಲ ಮುಗೀತು. ಫೋನಲ್ಲಿ ಹಾಕೋಣ. ಆದ್ರೆ ಒಂದು ಮಾತು. ಇಂಗ್ಲಿಷಲ್ಲಿ ಹಾಕಿದ್ರೇ ಜನ ತಿರುಗಿ ನೋಡೋದು. ಹೊಲಿಗೆ ಕ್ಲಾಸ್ ಅಂದ್ರೆ ಯಾರಿಗೂ ಬೇಡ. ಫ್ಯಾಷನ್ ಡಿಸೈನಿಂಗ್ ಇನ್‌ಸ್ಟಿಟ್ಯೂಟ್ ಅಂದ್ರೆ ಬರ್ತಾರೆ."

"ನಿಮ್ಮಕ್ಕಂಗೆ ಫ್ಯಾಷನ್ ಬರುತ್ತೇನೋ?" ಅಂತ ನಾನು ಕಾಲೆಳೆದೆ.

"ನೀನು ಸುಮ್ನಿರು ಕತ್ತರಿ. ನಿನ್ನ ಅಂಗಡಿ ಬೋರ್ಡಲ್ಲಿ ಏನಿದೆ? ಲೇಡೀಸ್ ಟೈಲರ್ ತಾನೇ?"

"ಅದು ಕನ್ನಡ ಅಕ್ಷರದಲ್ಲಿದೆ ಕಣಪ್ಪ. ನನ್ನ ಗಿರಾಕಿಗಳು ಓದ್ತಾರೆ."

ಟೀಚರಕ್ಕ ನಮ್ಮಿಬ್ಬರ ಜಗಳ ಕೇಳುತ್ತಾ ಕೂತಿದ್ದರು. ಕೊನೆಗೆ ಮೆಲ್ಲಗೆ, "ಜನಕ್ಕೆ ಅರ್ಥ ಆಗ್ಬೇಕಲ್ಲೋ ಪುಟ್ಟಾ" ಅಂದರು.

ಅವನು ಅಕ್ಕನ ಮಾತು ತೆಗೆದುಹಾಕಲಿಲ್ಲ. ಅದೇ ಅವನ ಒಳ್ಳೆಯತನ, ಅದರಲ್ಲೇ ಕೆಟ್ಟದ್ದೂ ಇತ್ತು. "ವಾದ ಬೇಡ, ಪರೀಕ್ಷೆ ಮಾಡಿಬಿಡೋಣ" ಅಂದ. ಒಂದೇ ಚಿತ್ರ, ಎರಡು ಜಾಹೀರಾತು. ಒಂದರಲ್ಲಿ ಟೀಚರಕ್ಕನ ಗುಲಾಬಿ ಕರಪತ್ರದ ಮಾತುಗಳೇ. ಇನ್ನೊಂದರಲ್ಲಿ ಅವನ ಇಂಗ್ಲಿಷು. ಎರಡಕ್ಕೂ ಸಮನಾದ ಹಣ, ಅದೇ ವಾರ, ಅದೇ ಊರು ಮತ್ತು ಸುತ್ತಲ ಹಳ್ಳಿಗಳು, ಹೆಂಗಸರಿಗೆ ಮಾತ್ರ. ಯಾವುದಕ್ಕೆ ಹೆಚ್ಚು ಜನ ಕೇಳುತ್ತಾರೋ ಅದು ಗೆದ್ದಂತೆ. ಜಾಹೀರಾತು ಯಾರಿಗೆ ಕಾಣಬೇಕು ಅಂತ ತುಂಬುವ ಕಡೆ ಭಾಷೆ ಅಂತ ಒಂದು ಖಾನೆ ಇತ್ತು. ಕನ್ನಡ ಜಾಹೀರಾತಿಗೆ ಅಲ್ಲಿ ಕನ್ನಡ ಅಂತ ಒತ್ತಿದ, ಇಂಗ್ಲಿಷಿನದಕ್ಕೆ ಇಂಗ್ಲಿಷ್ ಅಂತ. ನಾವಿಬ್ಬರೂ ಪಕ್ಕದಲ್ಲೇ ನಿಂತು ನೋಡಿದೆವು. ಇದಕ್ಕಿಂತ ನ್ಯಾಯವಾದದ್ದು ಇನ್ನೇನಿದೆ ಅನ್ನಿಸಿತು.

ವಾರ ಕಳೆದ ಮೇಲೆ ಅವನೇ ಮೆಟ್ಟಿಲು ಹತ್ತಿ ಬಂದ. ಫೋನು ಮುಂದೆ ಹಿಡಿದು ತೋರಿಸಿದ. ಇಂಗ್ಲಿಷಿನದನ್ನು ಊರಿಗೆ ಊರೇ ನೋಡಿತ್ತು, ವಿಚಾರಿಸಿದವರೂ ತುಂಬ ಇದ್ದರು. ಕನ್ನಡದ್ದನ್ನು ನೋಡಿದವರು ಬೆರಳೆಣಿಕೆ. ವಿಚಾರಿಸಿದವಳು ಒಬ್ಬಳೇ, ಅವಳೂ ತಪ್ಪಿ ಒತ್ತಿದವಳು.

"ನಾನು ಹೇಳಿಲ್ವಾ ಅಕ್ಕಾ? ಕನ್ನಡ ಓಡಲ್ಲ ಇಲ್ಲಿ. ಇದು ನನ್ನ ಮಾತಲ್ಲ, ಲೆಕ್ಕ ಹೇಳ್ತಿರೋ ಮಾತು."

ನನಗೆ ಬೇಜಾರಾಯಿತು. ಟೀಚರಕ್ಕ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ ಅವರ ಮುಖದಲ್ಲಿ ಸಣ್ಣ ಖುಷಿಯೇ ಕಂಡಿತು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರು, ಬ್ಯಾಂಕಿಗೆ ಹೋದರೂ ಫಾರಂ ತುಂಬಲು ಯಾರನ್ನಾದರೂ ಹುಡುಕುವವರು. ತನ್ನ ಕೋಣೆಗೆ ಅಂಥ ಹೆಸರು ಬಂದರೆ ಯಾರಿಗೆ ಬೇಡ? "ಆಯ್ತು, ನಿನಗೆ ಸರಿ ಕಂಡಿದ್ದು ಮಾಡು" ಅಂದರು. ಆಮೇಲೆ ನನ್ನ ಕಿವಿಯಲ್ಲಿ, "ಅದನ್ನ ಹೆಂಗೆ ಓದೋದು ಅಂತ ಒಂದು ಸಲ ಹೇಳಿಕೊಡೇ" ಅಂತ ಕೇಳಿದರು.

ಕೈಯಲ್ಲಿದ್ದ ಹಣವನ್ನೆಲ್ಲ ಅದಕ್ಕೇ ಸುರಿದರು. ಬಾಗಿಲ ಮೇಲಿದ್ದ ಹಳೇ ತಗಡಿನ ಬೋರ್ಡು ಇಳಿಯಿತು. ಅದರ ಜಾಗಕ್ಕೆ ಹಿಂದಿನಿಂದ ದೀಪ ಉರಿಯುವ ಇಂಗ್ಲಿಷ್ ಬೋರ್ಡು ಬಂತು. ಅದರಲ್ಲಿ ತೆಳ್ಳಗಿನ ಬಿಳೀ ಹುಡುಗಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಫೋನಿನ ಜಾಹೀರಾತೂ ಪೂರ್ತಿ ಇಂಗ್ಲಿಷಾಯಿತು. ಮಕ್ಕಳನ್ನು ಕರೆತರಬಹುದು ಅನ್ನುವ ಸಾಲು ಕ್ಲಾಸಾಗಿ ಕಾಣುವುದಿಲ್ಲ ಅಂತ ಬಿಟ್ಟೇಹೋಯಿತು.

ಫೋನುಗಳು ಬಂದವು, ಇಲ್ಲ ಅನ್ನಲಾರೆ. ಟೀಚರಕ್ಕ ಕತ್ತರಿ ಕೆಳಗಿಟ್ಟು ಓಡಿ ಓಡಿ ಎತ್ತುತ್ತಿದ್ದರು. ಆ ಕಡೆಯಿಂದ ಕಾಲೇಜು ಹುಡುಗಿಯರು. ಡಿಪ್ಲೊಮಾ ಕೊಡ್ತೀರಾ? ಲ್ಯಾಪ್‌ಟಾಪ್ ತರಬೇಕಾ? ಕೋರ್ಸ್ ಮುಗಿದ ಮೇಲೆ ಕೆಲಸ ಕೊಡಿಸ್ತೀರಾ? ಒಬ್ಬಳಂತೂ ಇಂಗ್ಲಿಷಿನಲ್ಲೇ ಶುರು ಮಾಡಿದಳು. ಟೀಚರಕ್ಕ ಎಸ್, ಎಸ್ ಅನ್ನುತ್ತಾ ಬೆವರಿ ಫೋನನ್ನು ನನ್ನ ಕೈಗೆ ತುರುಕಿದರು. ನನಗೆ ಬರುವ ಇಂಗ್ಲಿಷು ಅಳತೆ ಟೇಪಿನ ಮೇಲಿರುವಷ್ಟೇ. ಇಬ್ಬರೂ ಫೋನು ನೋಡಿಕೊಂಡು ನಕ್ಕೆವು. ಆಗಿನ್ನೂ ನಗು ಬರುತ್ತಿತ್ತು.

ಕೆಲವರು ಮೆಟ್ಟಿಲು ಹತ್ತಿಯೂ ಬಂದರು. ಬಾಗಿಲಲ್ಲೇ ನಿಂತು ತುಳಿಯುವ ಮೆಷಿನ್‌ಗಳನ್ನು ನೋಡಿದರು, ಪೇಪರು ಹೊಲಿಯುತ್ತಿದ್ದವಳನ್ನು ನೋಡಿದರು, ಮುಖ ಮುಖ ನೋಡಿಕೊಂಡರು. ಆಮೇಲೆ ಬರ್ತೀವಿ ಆಂಟಿ ಅಂದು ಹೋದರು. ಅವರ ತಪ್ಪೇನೂ ಇಲ್ಲ. ಅವರಿಗೆ ಬೇಕಾದದ್ದು ಅಲ್ಲಿರಲಿಲ್ಲ, ಇದೆ ಅಂತ ಬೋರ್ಡು ಹೇಳಿತ್ತು, ಅಷ್ಟೇ. ಅಂಥ ಒಬ್ಬೊಬ್ಬರು ಹೋದಾಗಲೂ ಟೀಚರಕ್ಕ ನೆಲದ ತುಂಡುಬಟ್ಟೆ ಗುಡಿಸುತ್ತಿದ್ದರು, ಕೊಳಕು ಕಂಡೇ ಅವರು ಹೋದರೇನೋ ಅನ್ನುವಂತೆ.

ಮತ್ತೆ, ಬರಬೇಕಾದವರು? ಅವರನ್ನು ನಾನು ನನ್ನ ಅಂಗಡಿಯಲ್ಲಿ ಕಂಡೆ. ನನ್ನದು ಅದೇ ಬೀದಿಯ ಕೊನೆ. ಒಂದು ದಿನ ತರಕಾರಿ ಚೀಲ ಹಿಡಿದ ಒಬ್ಬ ಹೆಂಗಸು, ಕಂಕುಳಲ್ಲಿ ಮಗು, ಬಂದು ಕೇಳಿದಳು.

"ಅಕ್ಕಾ, ಆ ಔಷಧಿ ಅಂಗಡಿ ಮೇಲೆ ಹೊಲಿಗೆ ಹೇಳಿಕೊಡೋರು ಒಬ್ರಿದ್ರಲ್ಲ, ಎಲ್ಲಿಗೆ ಹೋದ್ರು?"

"ಅಲ್ಲೇ ಇದ್ದಾರಲ್ಲಮ್ಮ."

"ಇಲ್ಲಕ್ಕಾ, ಈಗ ಅಲ್ಲಿ ಯಾವುದೋ ದೊಡ್ಡ ಕಂಪನಿ ಬಂದಿದೆ. ಬೋರ್ಡು ನೋಡಿದೆ. ಅದು ನಮ್ಮಂಥೋರಿಗಲ್ಲ."

ಅವಳನ್ನು ನಾನೇ ಕೈಹಿಡಿದು ಮೇಲೆ ಕರೆದುಕೊಂಡು ಹೋದೆ. ಅವಳು ಸೇರಿದಳು. ಇನ್ನಷ್ಟು ಜನರನ್ನು ಹೀಗೇ ಹಿಡಿದು ತಂದೆ. ನನ್ನ ಕಣ್ಣಿಗೆ ಬಿದ್ದವರು ಎಷ್ಟು ಜನ, ಬೋರ್ಡು ನೋಡಿ ಸದ್ದಿಲ್ಲದೆ ಮನೆಗೆ ಹೋದವರು ಎಷ್ಟು ಜನವೋ. ನಾನು ಪ್ರಚಾರನ ಆಫೀಸಿಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ಅವನು ಕಂಪ್ಯೂಟರು ನನ್ನ ಕಡೆ ತಿರುಗಿಸಿದ. "ಎಲ್ಲೋ ಒಬ್ರಿಬ್ರು ಹೇಳಿದ್ದನ್ನ ಹಿಡ್ಕೊಂಡು ಮಾತಾಡ್ಬೇಡ. ಲೆಕ್ಕ ಇಲ್ಲಿದೆ, ನೋಡು. ಕನ್ನಡದ್ದನ್ನ ಯಾರೂ ತಿರುಗಿನೂ ನೋಡಿಲ್ಲ."

ಕೊನೆಗೆ ಟೀಚರಕ್ಕನೇ ಒಂದು ಸಲ ಅವನಿಗೆ ಹೇಳಿದರು. "ಪುಟ್ಟಾ, ಹಳೇ ಬೋರ್ಡು ಹಾಕ್ಬಿಡೋಣ ಕಣೋ." ಅವನಿಗೂ ತಲೆ ಕೆಟ್ಟಿತ್ತು. ಅಕ್ಕನ ಕೆಲಸ ಆಗುತ್ತಿಲ್ಲವಲ್ಲ ಅನ್ನುವ ಸಂಕಟ ಸಿಟ್ಟಾಗಿ ಹೊರಗೆ ಬಂತು.

"ಜನ ಕರ್ಕೊಂಡು ಬರೋದು ನನ್ನ ಕೆಲಸ, ಬಂದೋರನ್ನ ಉಳಿಸಿಕೊಳ್ಳೋದು ನಿನ್ನ ಕೆಲಸ ಅಕ್ಕಾ. ಅಷ್ಟು ಹುಡುಗೀರು ಬಂದು ವಾಪಸ್ ಹೋದ್ರಲ್ಲ, ಒಂದು ನಾಲ್ಕು ಕರೆಂಟ್ ಮೆಷಿನ್ ಇಟ್ಟಿದ್ರೆ ಹೋಗ್ತಿದ್ರಾ?"

ಅವನು ದಡದಡ ಇಳಿದು ಹೋದ. ಅಲ್ಲಿಂದ ಅಕ್ಕ ತಮ್ಮನ ಮಾತು ನಿಂತಿತು. ಅವನಿಗೆ ನಾಚಿಕೆ, ಇವರಿಗೆ ನೋವು. ಇಬ್ಬರೂ ಇನ್ನೊಬ್ಬರು ಮೊದಲು ಬರಲಿ ಅಂತ ಕಾದರು.

ಬ್ಯಾಚು ತುಂಬಲಿಲ್ಲ. ಯಜಮಾನ ಮತ್ತೆ ಬಂದ, ಈ ಸಲ ಒಳಗೂ ಬರಲಿಲ್ಲ. ಟೀಚರಕ್ಕ ಪೇಟೆಯಾಚೆಯ ಗಾರ್ಮೆಂಟ್ ಶೆಡ್ಡಿನಲ್ಲಿ ಕೆಲಸ ಕೇಳಿಕೊಂಡರು. ಹೊಲಿಯುವ ಕೆಲಸವೂ ಅಲ್ಲ. ಬೇರೆಯವರು ಹೊಲಿದ ಅಂಗಿಗಳಲ್ಲಿ ಎದ್ದ ದಾರ ಕತ್ತರಿಸುವ ಕೆಲಸ, ನಿಂತುಕೊಂಡೇ. ವಯಸ್ಸಾದವರಿಗೆ ಅದನ್ನೇ ಕೊಡುತ್ತಾರಂತೆ. "ಪರವಾಗಿಲ್ಲ ಬಿಡೇ, ತಲೆನೋವಿಲ್ಲದ ಕೆಲಸ" ಅಂದರು. ನಾನು ನನ್ನ ಅಂಗಡಿಯಲ್ಲಿ ಜಾಗ ಮಾಡಿಕೊಡುತ್ತೇನೆ ಅಂದೆ. ನನ್ನ ಅಂಗಡಿಯಲ್ಲಿ ಎರಡು ಮೆಷಿನ್ ಇಟ್ಟರೆ ಮೂರನೆಯವರು ಹೊರಗೆ ನಿಲ್ಲಬೇಕು, ಅದು ಅವರಿಗೂ ಗೊತ್ತಿತ್ತು.

ಮೆಷಿನ್‌ಗಳನ್ನು ಹಳೇ ಸಾಮಾನಿನವನು ಬಂದು ಒಯ್ದ. ಕಬ್ಬಿಣದ ಕಾಲುಗಳನ್ನು ಬೇರೆ ಮಾಡಿ, ತಲೆಗಳನ್ನು ಗೋಣಿಚೀಲದಲ್ಲಿ ಸುತ್ತಿ, ಗಾಡಿಗೆ ತುಂಬಿದ. ಟೀಚರಕ್ಕ ಒಂದೊಂದನ್ನೂ ಎಣ್ಣೆ ಬಟ್ಟೆಯಲ್ಲಿ ಒರೆಸಿ ಕೊಟ್ಟರು. "ತೂಕಕ್ಕೆ ಹಾಕೋದನ್ನ ಯಾಕಮ್ಮ ಒರೆಸ್ತೀರಾ" ಅಂತ ಅವನು ನಕ್ಕ. ತಮ್ಮನಿಗೆ ಹೇಳಿ ಕಳಿಸಲೇ ಅಂದೆ. "ಬೇಡ, ಅವನು ನೊಂದ್ಕೋತಾನೆ" ಅಂದರು.

ಅದಾಗಿ ಮೂರನೇ ದಿನ ಸಂಜೆ, ಶೆಡ್ಡಿನಿಂದ ಬರುವ ದಾರಿಯಲ್ಲಿ ಅವರು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದರು. ಕೆಲಸದ ಹೊತ್ತಿನಲ್ಲಿ ಅಲ್ಲಿ ಫೋನು ಇಟ್ಟುಕೊಳ್ಳಲು ಬಿಡುವುದಿಲ್ಲ. ಚೀಲದಿಂದ ತೆಗೆದು ನೋಡಿ, "ಇದೇನೇ ಇಷ್ಟೊಂದು ಬಂದಿದೆ?" ಅಂತ ನನ್ನ ಕೈಗೆ ಕೊಟ್ಟರು. ಎತ್ತದೆ ಹೋದ ಕರೆಗಳು, ಬೆರಳಿನಿಂದ ಎಷ್ಟು ತಳ್ಳಿದರೂ ಮುಗಿಯುತ್ತಿರಲಿಲ್ಲ. ಒಂದೂ ಗುರುತಿನ ನಂಬರಲ್ಲ.

ಅಷ್ಟರಲ್ಲಿ ಪ್ರಚಾರ ಬೈಕು ನಿಲ್ಲಿಸಿ ಓಡುತ್ತಾ ಬಂದ. ಮುಖದ ತುಂಬ ನಗು, ಕಣ್ಣಲ್ಲಿ ನೀರು.

"ಅಕ್ಕಾ! ಫೋನ್ ಬಂದ್ವಾ? ಬಂದಿರ್ಬೇಕು. ತಪ್ಪು ನಂದೇ ಅಕ್ಕಾ, ಎಲ್ಲ ನಂದೇ."

ನಿಂತಲ್ಲೇ ಉಸಿರು ಬಿಡದೆ ಹೇಳಿದ. ಪಂಪ್‌ಸೆಟ್ ಅಂಗಡಿಯವನೊಬ್ಬ ಕನ್ನಡದಲ್ಲೇ ಹಾಕು ಅಂತ ಹಟ ಹಿಡಿದಿದ್ದನಂತೆ. ಅವಸರದಲ್ಲಿ ಇವನು ಭಾಷೆಯ ಖಾನೆ ತುಂಬುವುದನ್ನೇ ಮರೆತ. ಆ ಜಾಹೀರಾತು ಸುತ್ತಮುತ್ತ ಎಲ್ಲರ ಫೋನಿಗೂ ಹೋಯಿತು, ಅಂಗಡಿಯವನಿಗೆ ಪುರಸೊತ್ತಿಲ್ಲದಷ್ಟು ಫೋನು. ಇದೇನು ಅಂತ ಕೂತು ನೋಡಿದಾಗ ಗೊತ್ತಾಯಿತಂತೆ. ಆ ಖಾನೆಯಲ್ಲಿ ಕನ್ನಡ ಅಂತ ಒತ್ತಿದರೆ ಕನ್ನಡ ಓದುವವರಿಗೆಲ್ಲ ಹೋಗುವುದಿಲ್ಲ, ಫೋನನ್ನೇ ಕನ್ನಡದಲ್ಲಿ ಇಟ್ಟುಕೊಂಡವರಿಗೆ ಮಾತ್ರ ಹೋಗುತ್ತದೆ. ಈ ಊರಿನಲ್ಲಿ ಹಾಗೆ ಇಟ್ಟುಕೊಂಡವರು ಯಾರಿದ್ದಾರೆ? ಕೊಂಡಾಗ ಅಂಗಡಿಯವನು ಹೇಗೆ ಕೊಟ್ಟನೋ ಹಾಗೇ, ಎಲ್ಲರ ಫೋನೂ ಇಂಗ್ಲಿಷಿನಲ್ಲೇ ಇರುತ್ತದೆ. ನನ್ನದೂ, ಟೀಚರಕ್ಕನದೂ.

"ನಮ್ಮ ಕನ್ನಡದ್ದನ್ನ ಜನ ಬೇಡ ಅಂದಿರ್ಲಿಲ್ಲ ಅಕ್ಕಾ. ಅವರಿಗೆ ಕಾಣಿಸೇ ಇರ್ಲಿಲ್ಲ. ನಿನ್ನೆ ರಾತ್ರಿ ಸರಿ ಮಾಡಿ ಮತ್ತೆ ಹಾಕಿದ್ದೀನಿ, ನಿನ್ನ ಮಾತೇ, ಒಂದಕ್ಷರ ಬದಲಿಸಿಲ್ಲ. ಇನ್ನೆರಡು ದಿನಕ್ಕೆ ಬ್ಯಾಚು ತುಂಬುತ್ತೆ. ಯಜಮಾನನ ಹತ್ರ ನಾನೇ ಮಾತಾಡ್ತೀನಿ."

ಟೀಚರಕ್ಕ ಅವನ ಮುಖವನ್ನೇ ನೋಡುತ್ತಿದ್ದರು. "ಕೂತ್ಕೋ ಪುಟ್ಟಾ" ಅಂದರು. ಅವನು ಕೂರಲಿಲ್ಲ.

"ಕೀಲಿಕೈ ಕೊಟ್ಬಿಟ್ಟೆ ಕಣೋ. ಮೆಷಿನ್ನೂ ಹೋಯ್ತು."

ಅವನು ನನ್ನ ಕಡೆ ತಿರುಗಿದ, ಇದು ಸುಳ್ಳು ಅಂತ ನಾನು ಹೇಳಲಿ ಎನ್ನುವಂತೆ. ನಾನು ತಲೆ ತಗ್ಗಿಸಿದೆ. ಆಗ ಅವನ ಮೇಲೆ ನನಗಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಬೈದು ಹಗುರಾಗಬಹುದಿತ್ತು.

"ಮತ್ತೆ ತರೋಣ ಅಕ್ಕಾ, ಬೇರೆ ಕೋಣೆ ನೋಡೋಣ" ಅಂದ. ದನಿ ಚಿಕ್ಕ ಹುಡುಗನದಾಗಿತ್ತು.

"ನನ್ನ ಕೈಲಿ ಇನ್ನೊಂದು ಸಲ ಆಗಲ್ಲ ಪುಟ್ಟಾ. ನೀನು ಅದನ್ನ ನಿಲ್ಸು ಮೊದ್ಲು. ಪಾಪ, ಜನ ಸುಮ್ನೆ ಕಾಯ್ತಾರೆ."

ಅವನು ಅಲ್ಲೇ ನಿಂತು ಜಾಹೀರಾತು ನಿಲ್ಲಿಸಿದ. ಟೀಚರಕ್ಕ ಬಂದಿದ್ದ ಕರೆಗಳಿಗೆ ಒಂದೊಂದಾಗಿ ತಿರುಗಿ ಫೋನು ಮಾಡಲು ಕೂತರು. ಬೇಡ ಅಂದೆ, ಕೇಳಲಿಲ್ಲ. "ಇಲ್ಲಮ್ಮ, ಕ್ಲಾಸು ಇಲ್ಲ. ಹೌದು, ನಾನೇ ಮಾತಾಡ್ತಿರೋದು. ಇಲ್ಲ, ಮುಂದಿನ ಸಲಾನೂ ಇಲ್ಲ." ಒಬ್ಬಳಿಗೆ ಇಷ್ಟು ಹೇಳಿ ಇಟ್ಟು ಮತ್ತೊಬ್ಬಳಿಗೆ ಮಾಡುತ್ತಿದ್ದರು. ಕೊನೆಕೊನೆಗೆ ಒಬ್ಬಳು ಬಿಡಲಿಲ್ಲ. ಅವಳ ದನಿ ನನಗೂ ಕೇಳುತ್ತಿತ್ತು.

"ಯಾವಾಗ ನಿಲ್ಸಿದ್ರಿ ಟೀಚರೇ? ನಾನು ಎಷ್ಟು ದಿನದಿಂದ ಹುಡುಕ್ತಾ ಇದ್ದೆ ಗೊತ್ತಾ?"

"ಮೊನ್ನೆ ಕಣಮ್ಮ" ಅಂದರು ಟೀಚರಕ್ಕ.

ಜಾಹೀರಾತು ನಿಂತರೂ ಫೋನುಗಳು ನಿಲ್ಲಲಿಲ್ಲ. ಹೆಂಗಸರು ಆ ಚಿತ್ರವನ್ನು ಉಳಿಸಿಕೊಂಡು ಅಕ್ಕನಿಗೆ, ನಾದಿನಿಗೆ, ಪಕ್ಕದ ಮನೆಯವಳಿಗೆ ಕಳಿಸಿದ್ದರು. ಅವರು ಇನ್ನೊಬ್ಬರಿಗೆ ಕಳಿಸಿದರು. ಅದನ್ನು ನಿಲ್ಲಿಸುವ ಗುಂಡಿ ಪ್ರಚಾರನ ಹತ್ತಿರ ಇಲ್ಲ. ನಂಬರು ಬದಲಿಸಿಕೊಳ್ಳಿ ಅಂತ ಅವನೂ ಹೇಳಿದ, ನಾನೂ ಹೇಳಿದೆ. ಟೀಚರಕ್ಕ ಬದಲಿಸಿಲ್ಲ. ಈಗಲೂ ಸಂಜೆ ಶೆಡ್ಡಿನಿಂದ ಹೊರಗೆ ಬಂದು ಚೀಲ ತೆಗೆದು ನೋಡುತ್ತಾರೆ. ಒಂದೋ ಎರಡೋ ಬಂದಿದ್ದರೆ ಅಲ್ಲೇ ಗೇಟಿನ ಪಕ್ಕ ನಿಂತು ತಿರುಗಿ ಫೋನು ಮಾಡಿ, ಇಲ್ಲ ಅಂತ ಹೇಳಿ, ಮನೆಗೆ ಹೋಗುತ್ತಾರೆ.